ಗುಳಿಗೆ ಮುಗಿದ ಮೂರನೇ ದಿನ

"ಅಕ್ಕಾರಿಗೆ ನಮಸ್ಕಾರ. ನನಗೆ 46. ಬನಹಟ್ಟಿಯಲ್ಲಿ ನಮ್ಮದೇ ಎರಡು ಮಗ್ಗ ಇವೆ, ನಾನು ಕಂಡಿಕೆ ಸುತ್ತುತ್ತೇನೆ. ಒಂದು ವರ್ಷದಿಂದ ಮುಟ್ಟು ಎರಡೆರಡು ತಿಂಗಳು ಬರೋದೇ ಇಲ್ಲ. ಬಂದರೆ ಹದಿನೈದು ದಿನ ನಿಲ್ಲೋದಿಲ್ಲ, ಗಡ್ಡೆ ಗಡ್ಡೆ ಹೋಗುತ್ತದೆ. ಡಾಕ್ಟರು ಹತ್ತು ದಿನದ ಗುಳಿಗೆ ಕೊಟ್ಟರು, ನಿಂತಿತು. ಗುಳಿಗೆ ಮುಗಿದ ಮೂರನೇ ದಿನ ಮತ್ತೆ ಶುರುವಾಯಿತು. ರಕ್ತ 7.8 ಇದೆ. ಸೋನೋಗ್ರಫಿಯಲ್ಲಿ ಗರ್ಭಚೀಲ ದಪ್ಪ, ಒಳಪದರ 14 ಎಂಎಂ, ಗೋಡೆಯಲ್ಲಿ 2 ಸೆಂಟಿಮೀಟರಿನ ಗಂಟು ಅಂತ ಬಂದಿದೆ. ಔಷಧ ನಾಟಲಿಲ್ಲ, ಚೀಲ ತೆಗೆಸಿಬಿಡು ಅಂತಾರೆ. ನಮ್ಮ ಅತ್ತೆ, ನಾದಿನಿ ಇಬ್ಬರೂ ತೆಗೆಸಿದ್ದಾರೆ. ಏನು ಮಾಡಲಿ?"

ತಂಗಿ, ನಿಮ್ಮ ಔಷಧ ನಾಟಿದೆ. ಅದು ನಾಟಿದ್ದಕ್ಕೇ ಮೂರನೇ ದಿನ ಮುಟ್ಟು ಬಂದದ್ದು. ಇದನ್ನು ನಿಮಗೆ ಯಾರೂ ಮೊದಲೇ ಹೇಳದೇ ಹೋದದ್ದು ನನಗೆ ಬೇಸರ ತಂದಿದೆ.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ಗರ್ಭಚೀಲದ ಒಳಪದರ ಈಸ್ಟ್ರೋಜೆನ್‌ನಿಂದ ಬೆಳೆಯುತ್ತದೆ. ಅಂಡಾಶಯದಿಂದ ಅಂಡ ಹೊರಬಿದ್ದ ಮೇಲೆ ಪ್ರೊಜೆಸ್ಟರಾನ್ ಬಂದು ಆ ಪದರವನ್ನು ಗಟ್ಟಿಯಾಗಿ ಹಿಡಿದು ನಿಲ್ಲಿಸುತ್ತದೆ. ನಿಮ್ಮ ವಯಸ್ಸಿನಲ್ಲಿ ಎಷ್ಟೋ ತಿಂಗಳು ಅಂಡ ಹೊರಬೀಳುವುದೇ ಇಲ್ಲ. ಆಗ ಪ್ರೊಜೆಸ್ಟರಾನ್ ಇಲ್ಲ. ಪದರ ಎರಡು ತಿಂಗಳು ಸುಮ್ನೆ ಬೆಳೆಯುತ್ತಾ ಹೋಗಿ, ಕೊನೆಗೆ ತನ್ನ ಭಾರ ತಾನೇ ತಡೆಯದೆ ಇವತ್ತು ಇಲ್ಲಿ, ನಾಳೆ ಅಲ್ಲಿ ಕಳಚುತ್ತದೆ. ಅದಕ್ಕೇ ಹದಿನೈದು ದಿನವಾದರೂ ನಿಲ್ಲುವುದಿಲ್ಲ.

ನಿಮ್ಮ ಚೀಟಿಯಲ್ಲಿ ನಾರ್‌ಎಥಿಸ್ಟೆರಾನ್ ಅಂತ ಬರೆದಿರಬೇಕು, ನೋಡಿ. ಸಾಮಾನ್ಯವಾಗಿ 5 ಮಿಲಿಗ್ರಾಂನದು, ದಿನಕ್ಕೆ ಮೂರು. ಅದು ಪ್ರೊಜೆಸ್ಟರಾನ್ ಜಾತಿಯದೇ. ತಿನ್ನುವಷ್ಟು ದಿನ ಪದರವನ್ನು ಹಿಡಿದಿಡುತ್ತದೆ. ನಿಲ್ಲಿಸಿದ ಎರಡು-ಮೂರು ದಿನಕ್ಕೆ ಪದರ ಪೂರ್ತಿ ಒಟ್ಟಿಗೆ ಇಳಿಯುತ್ತದೆ. ಮೊದಲ ಎರಡು ದಿನ ಜಾಸ್ತಿಯೇ ಹೋಗುತ್ತದೆ, ಆದರೆ ಒಂದು ವಾರದೊಳಗೆ ತಾನೇ ನಿಲ್ಲಬೇಕು. ಹತ್ತು ದಿನದ ಗುಳಿಗೆ ಅವತ್ತಿನ ರಕ್ತ ತಡೆಯಲಿಕ್ಕೆ ಮಾತ್ರ. ಮುಂದಿನ ತಿಂಗಳ ವ್ಯವಸ್ಥೆ ಬೇರೆಯೇ ಆಗಬೇಕು. ಮುಟ್ಟಿನ ಐದನೇ ದಿನದಿಂದ 21 ದಿನ, ಹೀಗೆ ಮೂರು ತಿಂಗಳು ಕೊಡುವುದು ಒಂದು ದಾರಿ. ಕಾಲಿನಲ್ಲಿ ಯಾವಾಗಾದರೂ ರಕ್ತ ಹೆಪ್ಪುಗಟ್ಟಿದ್ದರೆ ಈ ಗುಳಿಗೆ ಬೇಡ, ಡಾಕ್ಟರಿಗೆ ಮೊದಲೇ ಹೇಳಿ.

ನನಗೂ 47ರಲ್ಲಿ ಹೀಗೇ ಆಗಿತ್ತು. ಬೆಳಗಾವಿಯಿಂದ ಬಾಗಲಕೋಟೆ ಬಸ್ಸಿನಲ್ಲಿದ್ದೆ. ಯರಗಟ್ಟಿ ದಾಟುವಷ್ಟರಲ್ಲಿ ಸೀಟು ಒದ್ದೆಯಾಯಿತು. ಲೋಕಾಪುರದಲ್ಲಿ ಎಲ್ಲರೂ ಚಹಾಕ್ಕೆ ಇಳಿದರು, ನಾನು ಸೆರಗು ಹಿಂದಕ್ಕೆ ಸುತ್ತಿಕೊಂಡು ಕೂತೇ ಇದ್ದೆ. ನನಗೂ ಇದೇ ಗುಳಿಗೆ ಕೊಟ್ಟಿದ್ದರು, ಬಿಟ್ಟ ಮೇಲೆ ಏನಾಗುತ್ತದೆ ಅಂತ ಹೇಳಿರಲಿಲ್ಲ. ಮತ್ತೆ ರಕ್ತ ಕಂಡಾಗ ಹೆದರಿ, ಅಂಗಡಿಯಿಂದ ಇನ್ನೊಂದು ಪಟ್ಟಿ ತಂದು ನಾನೇ ತಿಂದೆ. ಆರು ತಿಂಗಳು ಹಾಗೇ ಕಳೆದೆ. ಆ ಆರು ತಿಂಗಳು ನನ್ನ ಗರ್ಭಚೀಲದೊಳಗೆ ಏನಿದೆ ಅಂತ ಯಾರೂ ನೋಡಲಿಲ್ಲ. ಇದೊಂದನ್ನು ದಯವಿಟ್ಟು ಮಾಡಬೇಡಿ.

ನೀವು ಕಳಿಸಿದ ಕಾಗದಗಳಲ್ಲಿ ಬಯಾಪ್ಸಿ ರಿಪೋರ್ಟ್ ಇಲ್ಲ. 45 ದಾಟಿದವರಿಗೆ ಹೀಗೆ ರಕ್ತ ಹೋದರೆ ಒಳಪದರದ ಚೂರು ತೆಗೆದು ಪರೀಕ್ಷೆಗೆ ಕಳಿಸಲೇಬೇಕು. 14 ಎಂಎಂ ಅನ್ನುವ ಅಂಕಿಯಿಂದ ಏನೂ ತೀರ್ಮಾನವಾಗುವುದಿಲ್ಲ. ಮುಟ್ಟು ಇನ್ನೂ ಬರುತ್ತಿರುವವರಲ್ಲಿ ಮುಟ್ಟಿಗೆ ಮುಂಚೆ ಪದರ ಅಷ್ಟು ದಪ್ಪ ಇರುವುದುಂಟು. ಚೂರು ತೆಗೆಯುವ ನಳಿಗೆ ಸಣ್ಣ ಸ್ಟ್ರಾ ಇದ್ದಂತೆ ಇರುತ್ತದೆ. ಓಪಿಡಿಯಲ್ಲೇ ಐದು-ಹತ್ತು ನಿಮಿಷದ ಕೆಲಸ. ಮುಟ್ಟಿನ ಹೊಟ್ಟೆನೋವಿನಂತೆ ಹಿಂಡುತ್ತದೆ, ಆಮೇಲೆ ಇಳಿಯುತ್ತದೆ. ಎರಡು ತಿಂಗಳು ಮುಟ್ಟು ತಪ್ಪಿದ್ದರಿಂದ ಅದಕ್ಕೂ ಮುಂಚೆ ಬಸಿರಿನ ಪರೀಕ್ಷೆ ಆಗಲಿ. ಥೈರಾಯ್ಡ್ ಕೂಡ ನೋಡಿಸಿ.

ಪದರ ಸುಮ್ನೆ ದಪ್ಪವಾಗಿದೆ, ಜೀವಕೋಶ ಕೆಟ್ಟಿಲ್ಲ ಅಂತ ಬಂದರೆ ಔಷಧದಲ್ಲೇ ವಾಸಿಯಾಗುವ ದಾರಿ ಇದೆ. ಜೀವಕೋಶ ಕೆಡುತ್ತಿದೆ ಅಂತ ಬಂದರೆ ಚೀಲ ತೆಗೆಸುವುದೇ ಸರಿ, ಆಗ ನಾನೂ ಅದನ್ನೇ ಹೇಳುತ್ತೇನೆ. ಕ್ಯಾನ್ಸರ್ ಇದ್ದರೆ ಆಪರೇಷನ್ನೇ ಬೇರೆ ತರಹದ್ದು. ಅದನ್ನು ಚೀಲ ತೆಗೆದಾದ ಮೇಲೆ ತಿಳಿದುಕೊಳ್ಳುವ ಹಾಗೆ ಆಗಬಾರದು.

ರಿಪೋರ್ಟ್ ಚೆನ್ನಾಗಿ ಬಂದರೆ ಒಂದು ಸಾಧನದ ಬಗ್ಗೆ ಕೇಳಿ. ಕಾಪರ್ ಟಿ ಆಕಾರದ್ದೇ, ಆದರೆ ತಾಮ್ರವಿಲ್ಲ. ಅದರಲ್ಲಿ ಲೆವೊನಾರ್ಜೆಸ್ಟ್ರೆಲ್ ಅನ್ನುವ ಹಾರ್ಮೋನು 52 ಮಿಲಿಗ್ರಾಂ ಇರುತ್ತದೆ. ಗರ್ಭಚೀಲದೊಳಗೆ ಕೂತು ದಿನಾ ಚೂರು ಚೂರೇ ಬಿಡುತ್ತಾ ಪದರವನ್ನು ತೆಳ್ಳಗಿಡುತ್ತದೆ. ಐದು ವರ್ಷ ಕೆಲಸ ಮಾಡುತ್ತದೆ, ಅಷ್ಟರಲ್ಲಿ ಎಷ್ಟೋ ಮಂದಿಗೆ ಮುಟ್ಟೇ ನಿಂತಿರುತ್ತದೆ. ನಮ್ಮ ಕಡೆ ಎರಡಕ್ಕೂ "ಕಾಪರ್ ಟಿ" ಅಂತಲೇ ಅನ್ನುತ್ತಾರೆ. ತಾಮ್ರದ್ದನ್ನು ಹಾಕಿಸಿಕೊಂಡರೆ ರಕ್ತ ಇನ್ನೂ ಜಾಸ್ತಿಯಾಗುತ್ತದೆ. "ಹಾರ್ಮೋನಿನದೇ ಅಲ್ವಾ?" ಅಂತ ಬಾಯಿಬಿಟ್ಟು ಕೇಳಿ. ನಿಮ್ಮ ಗಂಟು ಸಣ್ಣದು, ಗೋಡೆಯೊಳಗೇ ಇದೆ. ಒಳಕ್ಕೆ ಚಾಚಿಕೊಂಡಿಲ್ಲ ಅಂದರೆ ಈ ಸಾಧನಕ್ಕೆ ಅಡ್ಡಿಯಿಲ್ಲ.

ಅದರ ತೊಂದರೆಯನ್ನೂ ಕೇಳಿಕೊಳ್ಳಿ. ಮೊದಲ ಮೂರರಿಂದ ಆರು ತಿಂಗಳು ಹನಿ ಹನಿ ಕಾಣಿಸುತ್ತಲೇ ಇರುತ್ತದೆ. ಇದು ಗೊತ್ತಿಲ್ಲದೆ ಎರಡನೇ ತಿಂಗಳಿಗೇ ತೆಗೆಸಿಬಿಡುವವರು ಬಹಳ. ಕೆಲವರಿಗೆ ಜಾರಿ ಹೊರಬರುತ್ತದೆ, ಚೀಲ ದಪ್ಪಗಿರುವವರಿಗೆ ಅದು ಸ್ವಲ್ಪ ಜಾಸ್ತಿ. ಹಾಕಿಸಿದ ಒಂದೂವರೆ ತಿಂಗಳಿಗೆ ಒಮ್ಮೆ ತೋರಿಸಿಕೊಳ್ಳಿ.

ಸಾಧನ ಬೇಡ ಅನ್ನಿಸಿದರೆ ಟ್ರಾನೆಕ್ಸಾಮಿಕ್ ಆಸಿಡ್ ಇದೆ, ಜಾಸ್ತಿ ಹೋಗುವ ನಾಲ್ಕೈದು ದಿನ ಮಾತ್ರ. ಅದು ರಕ್ತ ಕಡಿಮೆ ಮಾಡುತ್ತದೆ, ಹೊತ್ತಿಲ್ಲದ ಹೊತ್ತಿಗೆ ಬರುವುದನ್ನು ತಪ್ಪಿಸುವುದಿಲ್ಲ. ನಿಮ್ಮಂಥವರಿಗೆ ಅದೊಂದೇ ಸಾಲದು.

ಇನ್ನು 7.8. ನೀವು ಯಾವ ದಾರಿ ಹಿಡಿದರೂ ಇದನ್ನು ಮೊದಲು ಏರಿಸಬೇಕು. ತುರ್ತಿಲ್ಲದ ಆಪರೇಷನ್ನನ್ನು ಇಷ್ಟು ಕಡಿಮೆ ರಕ್ತದಲ್ಲಿ ಮಾಡಿಸುವುದು ಒಳ್ಳೆಯದಲ್ಲ. ಕಬ್ಬಿಣದ ಗುಳಿಗೆ ದಿನಕ್ಕೊಂದು, ಬರೀ ಹೊಟ್ಟೆಯಲ್ಲಿ ಲಿಂಬೆಹಣ್ಣಿನ ಪಾನಕದ ಜೊತೆ ತಗೊಳ್ಳಿ. ಚಹಾ ಅದರ ಹಿಂದೆ ಮುಂದೆ ಎರಡೆರಡು ತಾಸು ಬೇಡ, ಕಬ್ಬಿಣ ಮೈಗೆ ಹತ್ತುವುದಿಲ್ಲ. ಹೊಟ್ಟೆಗೆ ಒಗ್ಗದಿದ್ದರೆ, ಅಥವಾ ತಿಂಗಳಾದರೂ ಏರದಿದ್ದರೆ, ಸಲಾಯಿನ್ ಮೂಲಕ ಕಬ್ಬಿಣ ಕೊಡುತ್ತಾರೆ. ರಕ್ತ 12ಕ್ಕೆ ಬಂದ ಮೇಲೂ ಮೂರು ತಿಂಗಳು ಗುಳಿಗೆ ಬಿಡಬೇಡಿ. ಈ ನಡುವೆ ತಾಸಿಗೊಂದು ಪ್ಯಾಡ್ ತುಂಬಿ ಎರಡು ತಾಸು ಹಾಗೇ ಹೋದರೆ, ಕೂತಲ್ಲೇ ಏದುಸಿರು ಬಂದರೆ, ಕಣ್ಣು ಕತ್ತಲೆ ಕಟ್ಟಿದರೆ, ಬೆಳಗಿನ ತನಕ ಕಾಯಬೇಡಿ. ರಾತ್ರಿಯೇ 108ಕ್ಕೆ ಫೋನ್ ಮಾಡಿ.

ಅತ್ತೆ, ನಾದಿನಿ ತೆಗೆಸಿದ್ದು ಅವರವರ ಕಾರಣಕ್ಕೆ. ನಿಮಗೂ ಕೊನೆಗೆ ಅದೇ ಆಗಬೇಕು ಅಂತಾದರೆ, ಸಹಿ ಹಾಕುವ ಮುಂಚೆ ಒಂದು ಮಾತು ಕೇಳಿ: "ಚೀಲ ಮಾತ್ರವೋ, ಅಂಡಾಶಯವನ್ನೂ ತೆಗೆಯುತ್ತೀರೋ?" ಅಂಡಾಶಯ ಚೆನ್ನಾಗಿದ್ದು, ಮನೆತನದಲ್ಲಿ ಅದರ ಕ್ಯಾನ್ಸರ್ ಇಲ್ಲದಿದ್ದರೆ, 46ಕ್ಕೆ ಅದನ್ನು ಉಳಿಸಿಕೊಳ್ಳುವುದೇ ಮೇಲು. ಎರಡೂ ಅಂಡಾಶಯ ತೆಗೆದರೆ ಮರುದಿನದಿಂದಲೇ ಈಸ್ಟ್ರೋಜೆನ್ ನಿಂತುಹೋಗುತ್ತದೆ. ಮೈ ಬಿಸಿ ಏರಿ ಬೆವರುವುದು, ನಿದ್ದೆ ಬರದಿರುವುದು ಒಮ್ಮೆಲೇ ಶುರುವಾಗುತ್ತವೆ, ಮೂಳೆ ಬೇಗ ಸವೆಯುತ್ತದೆ. ಉಳಿಸುತ್ತೇವೆ ಅಂದರೆ, ಒಪ್ಪಿಗೆ ಪತ್ರದಲ್ಲೂ ಹಾಗೇ ಬರೆದಿದೆಯಾ ಅಂತ ಮನೆಯಲ್ಲಿ ಓದು ಬಂದವರ ಕೈಲಿ ಓದಿಸಿ ನೋಡಿಕೊಳ್ಳಿ.