ಸಿಲಿಂಡರಿನ ಕೊರಳ ಫೋಟೊದಲ್ಲಿ ಪರೀಕ್ಷೆಯ ಗಡುವು ಓದುವುದು, ಹೊಂದುವ ರೆಗ್ಯುಲೇಟರ್ ಗುರುತಿಸುವುದು

ಪ್ರಶ್ನೆ: ಹುಬ್ಬಳ್ಳಿಯಿಂದ ಪುಣೆಯ ಪಿಂಪ್ರಿಗೆ ಬಂದಿದ್ದೇವೆ. ಬಾಡಿಗೆ ಮನೆಯಲ್ಲಿ ಮಾಲೀಕರ ಸಿಲಿಂಡರ್ ಇದೆ, ರೆಗ್ಯುಲೇಟರ್ ಇಲ್ಲ. ಕೊರಳಿನ ಫೋಟೊ ಹಾಕಿದ್ದೇನೆ. ಇದರ ಅವಧಿ ಮುಗಿದಿದೆಯೇ? ಯಾವ ರೆಗ್ಯುಲೇಟರ್ ಕೂರುತ್ತದೆ?

ಪುಣೆಯಲ್ಲೇ ಒಂದು ಗ್ಯಾಸ್ ಏಜೆನ್ಸಿಯಲ್ಲಿ ಕೆಲಸ ಮಾಡುತ್ತೇನೆ, ಇಂಥ ಬರಹ ದಿನವೂ ಕಣ್ಣಿಗೆ ಬೀಳುತ್ತದೆ. ನಿಮ್ಮ ಸಿಲಿಂಡರಿನ ಗಡುವು ಜೂನ್ 2027ರ ಕೊನೆಯವರೆಗಿದೆ. ಅದು ಹೇಗೆ ಎಂದು ಹೇಳುತ್ತೇನೆ.

ಮೇಲಿನ ಹಿಡಿಯ ಬಳೆಯನ್ನು ಸಿಲಿಂಡರಿಗೆ ಜೋಡಿಸುವ ಮೂರು ಉಕ್ಕಿನ ಪಟ್ಟಿಗಳಿವೆಯಲ್ಲ, ಅವುಗಳಲ್ಲಿ ಒಂದರ ಒಳಮೈಯಲ್ಲಿ ಬಣ್ಣದಲ್ಲಿ ಬರೆದದ್ದು ‘8-27’ ಎಂದು ಕಾಣುತ್ತಿದೆ. ಅದು ಎಂಟಲ್ಲ, ಇಂಗ್ಲಿಷಿನ ಬಿ ಅಕ್ಷರ. ಈ ಜಾಗದಲ್ಲಿ ಬರುವುದು ಎ, ಬಿ, ಸಿ, ಡಿ ನಾಲ್ಕೇ. ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಎಂದರೆ ಏಪ್ರಿಲ್‌ನಿಂದ ಜೂನ್, ಸಿ ಜುಲೈಯಿಂದ ಸೆಪ್ಟೆಂಬರ್, ಡಿ ಅಕ್ಟೋಬರ್‌ನಿಂದ ಡಿಸೆಂಬರ್. ಅಚ್ಚಿನ ಬಣ್ಣ ಹರಡಿದಾಗ ಬಿ ಎಂಟರಂತೆಯೂ ಡಿ ಸೊನ್ನೆಯಂತೆಯೂ ಕಾಣುವುದು ತೀರಾ ಸಾಮಾನ್ಯ. ಮುಂದಿನ ಎರಡು ಅಂಕಿ ಇಸವಿ.

ನಿಮ್ಮ ಫೋಟೊದಲ್ಲಿ ಏಳರ ಮೇಲಿನ ಗೆರೆ ಅರ್ಧ ಕಿತ್ತುಹೋಗಿದೆ, ಹಾಗಾಗಿ 21 ಎಂದೂ ಓದಬಹುದು. ಆದರೆ ಅದೇ ಪಟ್ಟಿಯ ಕೆಳಗೆ ಉಕ್ಕಿನಲ್ಲೇ ಒತ್ತಿದ ಹಿಂದಿನ ಪರೀಕ್ಷೆಯ ಗುರುತು 22ರಲ್ಲಿ ಕೊನೆಯಾಗಿದೆ. 2022ರಲ್ಲಿ ಪರೀಕ್ಷೆಯಾದ ಸಿಲಿಂಡರಿಗೆ 2021ರ ಗಡುವು ಇರಲು ಸಾಧ್ಯವೇ ಇಲ್ಲ. ಹೊಸ ಸಿಲಿಂಡರಿಗೆ ಮೊದಲ ಪರೀಕ್ಷೆ ಹತ್ತು ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೊಮ್ಮೆ. 22ಕ್ಕೆ ಐದು ಕೂಡಿಸಿದರೆ 27, ಲೆಕ್ಕ ಸರಿಹೋಯಿತು. ಬಣ್ಣ ಅಳಿಸಿ ಹೋದಾಗ ಒತ್ತಿದ ಅಂಕಿಯನ್ನೇ ನಂಬಿ. ಮೊಬೈಲಿನ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಒತ್ತಿದ ಗುರುತಿನ ನೆರಳು ಎದ್ದು ಕಾಣುತ್ತದೆ. ಎದುರಿನಿಂದ ಫ್ಲ್ಯಾಶ್ ಹಾಕಿದರೆ ಎಲ್ಲವೂ ಬೆಳ್ಳಗಾಗುತ್ತದೆ.

ಇದು ಗ್ಯಾಸ್ ಕೆಡುವ ದಿನಾಂಕವಲ್ಲ, ಸಿಲಿಂಡರನ್ನು ಮರುಪರೀಕ್ಷೆಗೆ ಕಳಿಸಬೇಕಾದ ಗಡುವು. ಗಡುವು ದಾಟಿದ್ದಕ್ಕೆ ಗ್ಯಾಸ್ ತುಂಬುವಂತಿಲ್ಲ. ಆದ್ದರಿಂದ ತುಂಬಿದ ಸಿಲಿಂಡರ್ ಬಾಗಿಲಿಗೆ ಬಂದಾಗಲೇ ಇದನ್ನು ನೋಡಬೇಕು, ದಾಟಿದ್ದರೆ ಅಲ್ಲೇ ಬದಲಿಸಿಕೊಳ್ಳಬೇಕು.

ಇನ್ನು ರೆಗ್ಯುಲೇಟರ್. ಇನ್ನೊಂದು ಪಟ್ಟಿಯಲ್ಲಿ 15.3 ಮತ್ತು 29.5 ಎಂದಿದೆ. ಮೊದಲನೆಯದು ಖಾಲಿ ತೂಕ, ಎರಡನೆಯದು ತುಂಬಿದ ತೂಕ. ಕಳೆದರೆ 14.2 ಕೆಜಿ, ಅಂದರೆ ಗೃಹಬಳಕೆಯ ಸಿಲಿಂಡರ್. ಮೈಮೇಲೆ ಇಂಡೇನ್, ಭಾರತ್ ಅಥವಾ ಎಚ್‌ಪಿ ಎಂದಿದ್ದರೆ ಅದಕ್ಕೆ 22 ಮಿಲಿಮೀಟರ್ ವಾಲ್ವ್ ಇರುತ್ತದೆ, ಒತ್ತಿದರೆ ಕ್ಲಿಕ್ ಎಂದು ಕೂರುವ 22 ಮಿಲಿಮೀಟರ್ ರೆಗ್ಯುಲೇಟರ್ ಬೇಕು. ಈ ಮೂರಕ್ಕೂ ಅದೇ ಹೊಂದುತ್ತದೆ, ಹುಬ್ಬಳ್ಳಿಯದಾದರೂ ಪುಣೆಯದಾದರೂ. ನಿಮ್ಮ ಫೋಟೊದಲ್ಲಿ ಕಂಪನಿಯ ಹೆಸರು ಬಿದ್ದಿಲ್ಲ, ಅದನ್ನು ನೋಡಿಕೊಳ್ಳಿ. ಖಾಸಗಿ ಕಂಪನಿಯದಾದರೆ ವಾಲ್ವಿನ ಅಳತೆ ಬೇರೆ ಇರಬಹುದು. ಕಣ್ಣಿಗೆ ಒಂದೇ ಥರ ಕಂಡರೂ ಒಂದೆರಡು ಮಿಲಿಮೀಟರ್ ವ್ಯತ್ಯಾಸಕ್ಕೆ ರೆಗ್ಯುಲೇಟರ್ ಕೂತಂತೆ ಮಾಡಿ ಪಕ್ಕದಿಂದ ಸೋರುತ್ತದೆ. ಆಗ ಆ ಕಂಪನಿಯ ವಿತರಕರಿಂದಲೇ ತರಬೇಕು. ಯಾವುದೇ ಆಗಲಿ, ಐಎಸ್‌ಐ ಗುರುತಿಲ್ಲದ ಬೀದಿ ಅಂಗಡಿಯ ರೆಗ್ಯುಲೇಟರ್ ದಯವಿಟ್ಟು ಬೇಡ.

ಕೂರಿಸುವ ಮುನ್ನ ಹತ್ತಿರದ ಉರಿ, ದೀಪ ಎಲ್ಲ ಆರಿರಲಿ, ಗುಂಡಿ ಬಂದ್ ಇರಲಿ. ವಾಲ್ವಿನ ಮುಚ್ಚಳ ತೆಗೆದು ಒಳಗೆ ಕಪ್ಪು ರಬ್ಬರ್ ಉಂಗುರ ಇದೆಯೇ ನೋಡಿ. ಅದು ಇಲ್ಲದಿದ್ದರೆ, ಬಿರುಕು ಬಿಟ್ಟಿದ್ದರೆ, ಮುಚ್ಚಳ ಹಾಕಿ ವಿತರಕರನ್ನು ಕರೆಸಿ. ಗಡುವು ಎಷ್ಟೇ ಮುಂದಿರಲಿ, ಆ ಉಂಗುರದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಉಂಗುರ ಸರಿಯಿದ್ದರೆ ರೆಗ್ಯುಲೇಟರಿನ ಕೆಳಗಿನ ಬಳೆಯನ್ನು ಮೇಲೆತ್ತಿ ಹಿಡಿದು, ನೇರವಾಗಿ ವಾಲ್ವಿನ ಮೇಲಿಟ್ಟು ಒತ್ತಿ, ಬಳೆ ಬಿಡಿ. ಕ್ಲಿಕ್ ಎಂದ ಮೇಲೆ ಒಮ್ಮೆ ಮೇಲಕ್ಕೆಳೆದು ನೋಡಿ, ಕದಲಬಾರದು. ಗುಂಡಿ ತಿರುಗಿಸಿ ಸಾಬೂನು ನೀರು ಹಚ್ಚಿ. ಗುಳ್ಳೆ ಎದ್ದರೆ ಗುಂಡಿ ಬಂದ್ ಮಾಡಿ, ರೆಗ್ಯುಲೇಟರ್ ತೆಗೆದು ಮುಚ್ಚಳ ಹಾಕಿ, ಕಿಟಕಿ ತೆರೆದು 1906ಕ್ಕೆ ಕರೆ ಮಾಡಿ. ಆ ಹೊತ್ತಿನಲ್ಲಿ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ, ಕರೆಯನ್ನು ಮನೆಯ ಹೊರಗಿನಿಂದ ಮಾಡಿ.

ಅನುಮಾನವಿದ್ದರೆ ವಾಲ್ವಿನ ಬಾಯಿಯನ್ನು ನೇರ ಮೇಲಿನಿಂದ, ಕಂಪನಿಯ ಹೆಸರನ್ನು ಎದುರಿನಿಂದ ತೆಗೆದ ಎರಡು ಫೋಟೊ ಹಾಕಿ. ಫೋಟೊ ತೆಗೆಯುವಾಗ ರೆಗ್ಯುಲೇಟರ್ ಜೋಡಿಸಿರಬಾರದು.