ಮುಂಜಾನೆಯ ವಾಂತಿಗೆ ಒಂದು ಹಾಳೆಯ ಸಿದ್ಧತೆ

“ಮಗಳಿಗೆ ಏಳು ವರ್ಷ. ಒಂದೂವರೆ ತಿಂಗಳಿಗೊಮ್ಮೆ ಮುಂಜಾನೆ ಮುಖ ಬಿಳಿಚಿಕೊಂಡು ಏಳುತ್ತಾಳೆ, ಆಮೇಲೆ ಹತ್ತು ನಿಮಿಷಕ್ಕೊಮ್ಮೆ ವಾಂತಿ. ಮರುದಿನ ಸಂಜೆ ಏನೂ ಆಗದವಳಂತೆ ಆಡುತ್ತಾಳೆ. ಎರಡು ಸಲ ರಾತ್ರಿ ದೈವದ ನೇಮ ನೋಡಿ ಬಂದ ಮೇಲೆ, ಒಮ್ಮೆ ಮದುವೆ ಮುಗಿಸಿ ಬಂದ ಮೇಲೆ ಹೀಗಾಯಿತು. ಊಟದ ದೋಷ ಅನ್ನುತ್ತಾರೆ. ಎಳನೀರೂ ನಿಲ್ಲುವುದಿಲ್ಲ. ಏನು ಮಾಡಲಿ?”
– ಓದುಗರೊಬ್ಬರು, ಬ್ರಹ್ಮಾವರ

ಊಟದ ದೋಷ ಪ್ರತಿ ಸಲ ಅದೇ ಹೊತ್ತಿಗೆ, ಅದೇ ರೀತಿ ಬರುವುದಿಲ್ಲ ಅಲ್ವಾ? ಒಂದೇ ತರಹ ಮರುಕಳಿಸಿ, ನಡುವಿನ ವಾರಗಳಲ್ಲಿ ಮಗು ಪೂರ್ತಿ ಆರಾಮಾಗಿದ್ದರೆ ಮಕ್ಕಳ ವೈದ್ಯರು ‘ಸೈಕ್ಲಿಕ್ ವಾಮಿಟಿಂಗ್’ ಇರಬಹುದೇ ಎಂದು ನೋಡುತ್ತಾರೆ. ಇದು ಮೈಗ್ರೇನ್ ಬಳಗಕ್ಕೆ ಸೇರಿದ್ದು. ಮನೆಯಲ್ಲಿ ಯಾರಿಗಾದರೂ ಅರೆತಲೆನೋವು ಇದ್ದರೆ ವೈದ್ಯರಿಗೆ ತಪ್ಪದೆ ಹೇಳಿ.

ನೇಮಕ್ಕೆ ಕರೆದೊಯ್ಯುವುದನ್ನು ನಿಲ್ಲಿಸಬೇಡಿ. ಕಾಡುವುದು ನಿದ್ದೆಗೆಟ್ಟ ರಾತ್ರಿ, ತಪ್ಪಿದ ಊಟ, ಮತ್ತು ಸಂಭ್ರಮದ ಉದ್ವೇಗ. ಜ್ವರ, ನೆಗಡಿ, ಘಾಟಿಯ ಪ್ರಯಾಣವೂ ಕೆಲವರಲ್ಲಿ ಹೀಗೇ ಮಾಡುತ್ತವೆ. ಆ ದಿನ ಮಧ್ಯಾಹ್ನ ಮಲಗಿಸಿ, ರಾತ್ರಿ ಬೇಗ ಉಣಿಸಿ, ಹೊರಡುವಾಗ ಏನಾದರೂ ತಿನ್ನಲು ಜೊತೆಗೆ ಇಟ್ಟುಕೊಳ್ಳಿ.

ಮುಖ ಬಿಳಿಚಿಕೊಂಡ ಆ ಮೊದಲ ಹೊತ್ತೇ ಮುಖ್ಯ. ವೈದ್ಯರು ವಾಂತಿ ತಡೆಯುವ ಒಂಡಾನ್ಸೆಟ್ರಾನ್ ಬರೆದುಕೊಟ್ಟಿದ್ದರೆ ಆಗಲೇ ಕೊಡಬೇಕು. ವಾಂತಿ ಜೋರಾದ ಮೇಲೆ ನುಂಗಿದ್ದೆಲ್ಲ ಹೊರಬರುತ್ತದೆ. ಪ್ರಮಾಣ ಮಗುವಿನ ತೂಕ ನೋಡಿ ಅವರೇ ಹೇಳಬೇಕು. ಕೋಣೆ ಕತ್ತಲಾಗಿರಲಿ, ಸದ್ದು ಬೇಡ. ಒಂದು ಲೀಟರಿನ ಓಆರ್‌ಎಸ್ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿನಲ್ಲಿ ಕಲಸಿ, ಎರಡು ಮೂರು ನಿಮಿಷಕ್ಕೆ ಒಂದು ಟೀ ಚಮಚ ಕೊಡಿ. ಕಕ್ಕಿದರೆ ಹತ್ತು ನಿಮಿಷ ಬಿಟ್ಟು ಮತ್ತೆ ಶುರು ಮಾಡಿ. ಬಾಯಾರಿಕೆ ಎಂದು ಲೋಟಗಟ್ಟಲೆ ಕೊಟ್ಟರೆ ಹೊಟ್ಟೆ ತಡೆಯುವುದಿಲ್ಲ. ಎಳನೀರಿನಲ್ಲಿ ಸೋಡಿಯಂ ಕಡಿಮೆ, ಹಾಗಾಗಿ ಅದು ಓಆರ್‌ಎಸ್ ಬದಲಿಗೆ ಆಗದು.

ಎರಡು ಗಂಟೆಯಾದರೂ ಚಮಚದ ನೀರೂ ನಿಲ್ಲದಿದ್ದರೆ, ಆರೆಂಟು ಗಂಟೆ ಮೂತ್ರ ಆಗದಿದ್ದರೆ ಆಸ್ಪತ್ರೆಗೆ ಹೊರಡಿ. ವಾಂತಿ ಹಸಿರಾಗಿದ್ದರೆ, ರಕ್ತ ಕಂಡರೆ, ಹೊಟ್ಟೆ ಬಿಡದೆ ನೋಯುತ್ತಿದ್ದರೆ, ಮಗು ಮಂಕಾಗಿ ಕರೆದರೂ ಸರಿಯಾಗಿ ಮಾತಾಡದಿದ್ದರೆ ಒಂದು ನಿಮಿಷವೂ ಕಾಯಬೇಡಿ. ಹಸಿರು ಎಂದರೆ ಕರುಳು ತಿರುಚಿಕೊಂಡಿರಬಹುದು. ಆರಾಮಿನ ದಿನಗಳಲ್ಲೂ ಬೆಳಗ್ಗೆ ತಲೆನೋವು, ನಡೆಯುವಾಗ ವಾಲುವುದು ಇದ್ದರೆ ತಲೆಯ ಸ್ಕ್ಯಾನ್ ಬೇಕಾಗಬಹುದು.

ಈಗಲೇ ವೈದ್ಯರಿಂದ ಒಂದು ಹಾಳೆ ಬರೆಸಿಕೊಳ್ಳಿ: ಮಗುವಿನ ತೂಕ, ಮಾತ್ರೆಯ ಪ್ರಮಾಣ, ಯಾವ ಡ್ರಿಪ್ ಹಾಕಬೇಕು, ಯಾರಿಗೆ ಫೋನ್ ಮಾಡಬೇಕು. ಸಾಮಾನ್ಯವಾಗಿ ಗ್ಲೂಕೋಸ್ ಇರುವ ಡ್ರಿಪ್ಪೇ ಬೇಕಾಗುತ್ತದೆ. ಒಂದು ಪ್ರತಿ ಅಜ್ಜಿಮನೆಯಲ್ಲೂ ಇರಲಿ. ರಾತ್ರಿ ಪಾಳಿಯ ವೈದ್ಯರಿಗೆ ನೀವು ಮೊದಲಿಂದ ಕತೆ ಹೇಳಬೇಕಾಗಿಲ್ಲ.

ಆ ಹಾಳೆಯಲ್ಲಿ ಇನ್ನೊಂದು ಸಾಲು ಸೇರಿಸಲು ಕೇಳಿ: ಡ್ರಿಪ್ ಏರಿಸುವ ಮೊದಲೇ ರಕ್ತ ತೆಗೆದು ಸಕ್ಕರೆ, ಸೋಡಿಯಂ, ಪೊಟ್ಯಾಸಿಯಂ, ಅಮೋನಿಯಾ ನೋಡುವುದು. ಕೆಲವು ಹುಟ್ಟು ಕಾಯಿಲೆಗಳೂ ಇದೇ ವೇಷದಲ್ಲಿ ಬರುತ್ತವೆ. ಗ್ಲೂಕೋಸ್ ಹೋಗಿ ಮಗು ಚೇತರಿಸಿಕೊಂಡ ಮೇಲೆ ಪರೀಕ್ಷಿಸಿದರೆ ಎಲ್ಲ ಸರಿಯಿದ್ದಂತೆ ಕಾಣಬಹುದು.