ಸ್ಕಾಲರ್‌ಶಿಪ್ ಅರ್ಜಿಯ ಆ 300 ಪದ

ಪ್ರಶ್ನೆ: ನಾನು ಸಣ್ಣ ಊರಿನ ಹುಡುಗಿ, ಈಗಷ್ಟೇ ಪಿಯುಸಿ ಮುಗಿಸಿದ್ದೇನೆ. ಸ್ಕಾಲರ್‌ಶಿಪ್ ಅರ್ಜಿಯಲ್ಲಿ ‘ನಿಮ್ಮ ಬಗ್ಗೆ 300 ಪದಗಳಲ್ಲಿ ಬರೆಯಿರಿ’ ಅಂತ ಕೇಳಿದ್ದಾರೆ. ಬಡತನ ಬಿಟ್ಟರೆ ಹೇಳೋಕೆ ನನ್ನ ಹತ್ರ ಏನೂ ಇಲ್ಲ. ಏನು ಬರೆಯಲಿ?

ನಾನು ಇಳಕಲ್ಲಿನವಳು. ಅವ್ವ ಸೀರೆ ನೇಯುತ್ತಾಳೆ. ಧಾರವಾಡದಲ್ಲಿ ಬಿ.ಎಸ್ಸಿ. ಸೇರುವಾಗ ಒಂದು ಟ್ರಸ್ಟಿನ ಅರ್ಜಿ ಹಿಡಿದು ನಾನೂ ಹೀಗೇ ಕೂತಿದ್ದೆ. ಮೊದಲ ಸಲ ಬರೆದದ್ದು ಇದು: ‘ನಾನು ಬಡ ನೇಕಾರರ ಮನೆಯಲ್ಲಿ ಹುಟ್ಟಿದವಳು. ನಮ್ಮ ಆರ್ಥಿಕ ಪರಿಸ್ಥಿತಿ ತುಂಬಾ ಕಷ್ಟದಲ್ಲಿದೆ. ಚೆನ್ನಾಗಿ ಓದಿ ತಂದೆ ತಾಯಿಗೆ ಒಳ್ಳೆಯ ಹೆಸರು ತರಬೇಕು ಅನ್ನೋದೇ ನನ್ನ ಆಸೆ. ದಯವಿಟ್ಟು ಸಹಾಯ ಮಾಡಿ.’

ನಮ್ಮ ಕನ್ನಡ ಮೇಡಂ ಇದನ್ನು ಓದಿ ಕೇಳಿದರು: “ಅರ್ಜಿ ಜೋಡಿ ಏನೇನು ಹಚ್ಚಾಕತ್ತೀಯವಾ?” ಆದಾಯ ಪ್ರಮಾಣಪತ್ರ, ಮಾರ್ಕ್ಸ್ ಕಾರ್ಡ್, ಫೀ ರಸೀದಿ ಅಂದೆ. “ಹಂಗಾದ್ರ ಬಡತನ ನಾಡಕಚೇರಿಯವರು ಬರದು ಕೊಟ್ಟಾರ. ಮಾರ್ಕ್ಸು ಕಾರ್ಡಿನ್ಯಾಗ ಐತಿ. ಆ ಕಾಗದದಾಗ ಇಲ್ಲದ್ದು ಬರಿ.”

ಆ ಮಾತು ನನಗೆ ದಾರಿ ತೋರಿಸಿತು. ನಿಮ್ಮ ದಿನ ಹೇಗೆ ಹೋಗುತ್ತೆ, ಓದಿಗೆ ಏನು ಅಡ್ಡ ಬಂತು, ಆಗ ನೀವು ಏನು ಮಾಡಿದಿರಿ, ಇದನ್ನು ಯಾವ ಸರ್ಟಿಫಿಕೇಟೂ ಹೇಳುವುದಿಲ್ಲ.

ಎರಡನೇ ಸಲ ನಾನು ಮಗ್ಗದಿಂದ ಶುರು ಮಾಡಿದೆ. ಇಳಕಲ್ ಸೀರೆಯಲ್ಲಿ ಮೈಯ ಹಾಸು, ಅಂದರೆ ಉದ್ದಕ್ಕೆ ಹಾಸುವ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸಬೇಕು. ಒಂದೊಂದು ಸೀರೆಗೂ ಈ ಕೆಲಸ ಇದ್ದೇ ಇದೆ. ಕಾಲೇಜು ಬಿಟ್ಟು ಬಂದ ಮೇಲೆ ಅವ್ವನ ಜೊತೆ ಇದಕ್ಕೆ ಕೂರುತ್ತಿದ್ದೆ, ಹಾಗಾಗಿ ಸಂಜೆ ಓದಲು ಆಗುತ್ತಿರಲಿಲ್ಲ, ಬೆಳಗ್ಗೆ ನಾಲ್ಕೂವರೆಗೆ ಏಳುತ್ತಿದ್ದೆ. ಇಷ್ಟನ್ನೇ ಬರೆದೆ. ‘ನಾನು ಶ್ರಮಜೀವಿ’ ಅನ್ನೋ ಪದ ಎಲ್ಲೂ ಹಾಕಲಿಲ್ಲ, ಬೇಕಾಗಲೂ ಇಲ್ಲ.

ಆಮೇಲೆ ಅಡ್ಡಿ. ದ್ವಿತೀಯ ಪಿಯುಸಿಯಲ್ಲಿ ಐದು ತಿಂಗಳು ನಮಗೆ ಫಿಸಿಕ್ಸ್ ಕಲಿಸುವವರೇ ಇರಲಿಲ್ಲ. ಮೊದಲ ಟೆಸ್ಟಿನಲ್ಲಿ 50ಕ್ಕೆ 14 ಬಂತು. ಇದನ್ನು ಮುಚ್ಚಿಡೋಣ ಅಂತಿದ್ದೆ, ಮೇಡಂ ಬರೆಯಿಸಿದರು. ನಾನೂ ಗೆಳತಿಯೂ ಲೈಬ್ರರಿಯಿಂದ ಹಳೆಯ ಪ್ರಶ್ನೆಪತ್ರಿಕೆ ತಂದು, ಭಾನುವಾರಕ್ಕೊಂದರಂತೆ ಬಿಡಿಸಿ, ಅದಲು ಬದಲು ಮಾಡಿ ತಿದ್ದಿಕೊಂಡೆವು. ಗೊತ್ತಾಗದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಹೊಸ ಸರ್ ಬಂದಾಗ ಕೇಳಿದೆವು. ವಾರ್ಷಿಕ ಪರೀಕ್ಷೆಯಲ್ಲಿ 78 ಬಂತು. ನಿಮ್ಮಲ್ಲೂ ಇಂಥದ್ದು ಇರುತ್ತೆ. ಫೋನ್ ಒಂದೇ ಇದ್ದರೆ ಅದು ನಿಮ್ಮ ಕೈಗೆ ಎಷ್ಟು ಗಂಟೆಗೆ ಸಿಗುತ್ತಿತ್ತು, ಕರೆಂಟ್ ಹೋದಾಗ ಏನು ಮಾಡುತ್ತಿದ್ದಿರಿ, ಅಂಥವನ್ನು ನೆನಪು ಮಾಡಿಕೊಳ್ಳಿ. ಬರೀ ಅಡ್ಡಿ ಹೇಳಿ ನಿಲ್ಲಿಸಬೇಡಿ, ಅದಕ್ಕೆ ನೀವು ಮಾಡಿದ್ದನ್ನೂ ಪಕ್ಕದಲ್ಲೇ ಬರೆಯಿರಿ.

ಇನ್ನು ದುಡ್ಡು. ಜಾಸ್ತಿ ಜನ ‘ಹಣದ ಅವಶ್ಯಕತೆ ಇದೆ’ ಅಂತ ಬರೆದು ಬಿಟ್ಟುಬಿಡುತ್ತಾರೆ. ನಾನು ಲೆಕ್ಕ ಕೊಟ್ಟೆ. ಊಟ ವಸತಿಗೆ ತಿಂಗಳಿಗೆ 3,500 ರೂಪಾಯಿ, ಹತ್ತು ತಿಂಗಳಿಗೆ 35,000. ಫೀ 9,000. ಪುಸ್ತಕ, ಬಸ್ಸು ಸೇರಿ 6,000. ಒಟ್ಟು 50,000. ಅವ್ವ ತಿಂಗಳಿಗೆ 2,000 ಎತ್ತಿಡಬಲ್ಲಳು, ಅಂದರೆ 20,000. ಉಳಿದ 30,000 ಕಡಿಮೆ ಬೀಳುತ್ತೆ. ಹೀಗೆ ಬರೆದರೆ ತಮ್ಮ ಹಣ ಎಲ್ಲಿಗೆ ಹೋಗುತ್ತೆ ಅಂತ ಓದುವವರಿಗೆ ಗೊತ್ತಾಗುತ್ತೆ. ಮನೆಯಿಂದ ಒಂದು ಪಾಲು ಬರುತ್ತೆ ಅನ್ನೋದೂ ಕಾಣುತ್ತೆ. ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲೂ ಅರ್ಜಿ ಹಾಕಿದ್ದರೆ ಅದನ್ನೂ ಹೇಳಿ. ಎರಡು ಕಡೆ ಹಣ ಪಡೆಯಬಾರದು ಅನ್ನೋ ಟ್ರಸ್ಟುಗಳಿವೆ, ನಿಯಮ ಒಮ್ಮೆ ಓದಿಕೊಳ್ಳಿ.

ಒಂದು ತಪ್ಪು ಮಾತ್ರ ಮಾಡಬೇಡಿ. ಕರುಣೆ ಬರಲಿ ಅಂತ ನಾನು ಮನೆಯ ಆದಾಯ ‘ತಿಂಗಳಿಗೆ 4,000’ ಅಂತ ಬರೆದಿದ್ದೆ. ಪ್ರಮಾಣಪತ್ರದಲ್ಲಿ ವರ್ಷಕ್ಕೆ 96,000 ಇತ್ತು, ಅಂದರೆ ತಿಂಗಳಿಗೆ 8,000. ಮೇಡಂ ಹಿಡಿಯದಿದ್ದರೆ ಹಾಗೇ ಹೋಗುತ್ತಿತ್ತು. ಅಂಕಿ ಹೊಂದದಿದ್ದರೆ ಉಳಿದದ್ದನ್ನೂ ನಂಬುವುದಿಲ್ಲ ಅಲ್ವಾ? ನಿಮ್ಮ ಬರಹದ ಪಕ್ಕದಲ್ಲಿ ಎಲ್ಲ ಕಾಗದ ಇಟ್ಟುಕೊಂಡು ಹೆಸರು, ಅಂಕ, ಆದಾಯ ಒಂದೊಂದೇ ತಾಳೆ ನೋಡಿ.

ಕಳಿಸುವ ಮುಂಚೆ ಒಂದು ಜೆರಾಕ್ಸ್ ಇಟ್ಟುಕೊಳ್ಳಿ. ಸಂದರ್ಶನಕ್ಕೆ ಕರೆದರೆ ಪ್ರಶ್ನೆ ಅದರಿಂದಲೇ ಬರಬಹುದು. ನನ್ನನ್ನು ಮೊದಲು ಕೇಳಿದ್ದು ಕೊಂಡಿ ಹೇಗೆ ಹಾಕುತ್ತಾರೆ ಅಂತ. ಕೈಯಲ್ಲೇ ಮಾಡಿ ತೋರಿಸಿದೆ.